ಹೊಸ ಫ್ಲಾಟಿನ ಕೀ ತೆಗೆದುಕೊಳ್ಳುವಾಗ ಬಾಗಿಲು, ಕಿಟಕಿ, ಬಚ್ಚಲು ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಶಿವಮೊಗ್ಗದಲ್ಲಿ ಫ್ಲಾಟಿನ ಕೀ ತೆಗೆದುಕೊಂಡಿದ್ದು ಏಪ್ರಿಲ್ ತಿಂಗಳಲ್ಲಿ. ಎರಡು ಬೆಡ್‌ರೂಮಿನ ಮನೆ, ಎರಡನೇ ಮಹಡಿ. ಬಾಗಿಲುಗಳೆಲ್ಲ ಸಲೀಸಾಗಿ ಹಾಕುತ್ತಿದ್ದವು, ಕಿಟಕಿ ಬೆರಳಲ್ಲಿ ತಳ್ಳಿದರೆ ಜಾರುತ್ತಿತ್ತು. ಗೋಡೆಯ ಬಣ್ಣದಲ್ಲಿ ಒಂದೆರಡು ಕಲೆ, ಒಂದು ಟೈಲ್ ಸೀಳು, ಇಷ್ಟನ್ನೇ ಬರೆದುಕೊಟ್ಟು ಸಹಿ ಹಾಕಿದೆವು. ಆರಿದ್ರಾ ಮಳೆ ಹಿಡಿದ ಮೇಲೆ ಬಚ್ಚಲಿನ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಹಾಲ್ ಕಿಟಕಿಯ ಕೆಳಗೆ ದಿನಾ ಬೆಳಿಗ್ಗೆ ನೀರು ನಿಂತಿರುತ್ತಿತ್ತು. ಆಮೇಲೆ ಮನೆ ಕೊಂಡ ಗೆಳೆಯರು, ನೆಂಟರು ಕೇಳಿದಾಗೆಲ್ಲ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಅಡುಗೆಮನೆ, ಟೈಲ್ಸ್, ಬಣ್ಣ ಇದರಲ್ಲಿ ಇಲ್ಲ. ನಮ್ಮ ಕಡೆಯ ಮಳೆಗೆ ಮೊದಲು ಕೈಕೊಡುವ ಸಾಮಾನುಗಳ ಬಗ್ಗೆ ಮಾತ್ರ ಇದೆ.

ಯಾವಾಗ ಹೋಗಬೇಕು? ಎಷ್ಟು ಹೊತ್ತು ಬೇಕು?

ಬೆಳಿಗ್ಗೆ ಹತ್ತಕ್ಕೆ ಹೋಗಿ. ಎರಡು ಬೆಡ್‌ರೂಮಿನ ಮನೆಗೆ ನಾಲ್ಕು ಗಂಟೆ ಹಿಡಿಯುತ್ತದೆ. ಹೋಗುವ ಹಿಂದಿನ ದಿನ ಸೈಟ್ ಇಂಜಿನಿಯರಿಗೆ ಫೋನ್ ಮಾಡಿ, ಓವರ್‌ಹೆಡ್ ಟ್ಯಾಂಕಿನ ನೀರು ಮತ್ತು ಕರೆಂಟು ಎರಡೂ ನಿಮ್ಮ ಮನೆಗೆ ಬಂದಿರಬೇಕು ಅಂತ ಹೇಳಿ. "ಮೋಟಾರ್ ಕನೆಕ್ಷನ್ ಆಗಿಲ್ಲ, ಸುಮ್ನೆ ನೋಡ್ಕೊಂಡು ಹೋಗಿ" ಅಂದರೆ ಆ ದಿನ ಹೋಗಬೇಡಿ. ನೀರಿಲ್ಲದೆ ನಲ್ಲಿ ನೋಡಿದರೆ ಅದು ಹೊಳೆಯುತ್ತದೋ ಇಲ್ಲವೋ ಅನ್ನೋದು ಮಾತ್ರ ಗೊತ್ತಾಗುತ್ತದೆ.

ಜೊತೆಗೆ ಏನೇನು ಒಯ್ಯಬೇಕು?

ಒಂದು ಬಕೆಟ್, ಒಂದು ಚೊಂಬು, ಟಾರ್ಚ್, ಸಣ್ಣ ಕನ್ನಡಿ, ಟಿಶ್ಯೂ ಪೇಪರ್, ಕೇಸರಿಬಾತಿಗೆ ಹಾಕುವ ಬಣ್ಣ, ಒಂದು ಸಣ್ಣ ಅಯಸ್ಕಾಂತ, ಉದ್ದನೆಯ ನೀರಿನ ಪೈಪು. ಅವಧಿ ಮುಗಿದ ನಾಲ್ಕು ಎಟಿಎಂ ಕಾರ್ಡ್ ಇದ್ದರೆ ಅವೂ ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ತಪ್ಪು ಕಂಡ ಜಾಗಕ್ಕೆ ಅಂಟಿಸಿ ನಂಬರ್ ಬರೆಯಲು ಪೇಪರ್ ಟೇಪ್ ಬೇಕು.

ಬೇಸಿಗೆಯಲ್ಲಿ ಸರಿಯಾಗಿದ್ದ ಬಾಗಿಲು ಮಳೆಗಾಲದಲ್ಲಿ ಯಾಕೆ ಹಿಡಿಯುತ್ತದೆ?

ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ಲೈ ಹೊದಿಸಿದ ಫ್ಲಶ್ ಡೋರ್ ಕೂಡ ಅಷ್ಟೇ, ಅದರ ಒಳಗಿರುವುದೂ ಮರದ ಪಟ್ಟಿಗಳೇ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಬಾಗಿಲು ಹೇಗೆ ಒಣಗಿರುತ್ತದೆ ಹೇಳಿ?

ಬಾಗಿಲಿನ ಎರಡೂ ಮುಖಕ್ಕೆ ಬಣ್ಣವೋ ಲ್ಯಾಮಿನೇಟ್ ಹಾಳೆಯೋ ಇರುತ್ತದೆ. ಅಲ್ಲಿಂದ ತೇವ ಹೆಚ್ಚು ಹೋಗುವುದಿಲ್ಲ. ಅದು ಹೋಗುವುದು ಅಂಚಿನಿಂದ, ಅದರಲ್ಲೂ ತಲೆಯ ಮೇಲಿನ ಮತ್ತು ಅಡಿಯ ಅಂಚಿನಿಂದ. ಈ ಎರಡು ಅಂಚು ಯಾರಿಗೂ ಕಾಣುವುದಿಲ್ಲ. ಬಡಗಿ ಬಾಗಿಲು ನಿಲ್ಲಿಸುವಾಗ ಅಳತೆಗೆ ಕೊಯ್ದಿರುತ್ತಾನೆ. ಆಮೇಲೆ ಬರುವ ಪೇಂಟರ್ ನಿಂತ ಬಾಗಿಲಿಗೆ ಬಣ್ಣ ಬಳಿಯುತ್ತಾನೆ. ಅವನ ಬ್ರಷ್ ಅಡಿಗೆ ಹೋಗುವುದೇ ಇಲ್ಲ. ಹಾಗಾಗಿ ಹೊಸದಾಗಿ ಕೊಯ್ದ ಮರ ಹಾಗೇ ಬಾಯಿ ಬಿಟ್ಟುಕೊಂಡಿರುತ್ತದೆ.

ನೋಡುವುದು ಸುಲಭ. ಮೇಲಿನ ಅಂಚಿಗೆ ಮೊಬೈಲ್ ಎತ್ತಿ ಹಿಡಿದು ಫೋಟೋ ತೆಗೆಯಿರಿ. ಅಡಿಯ ಅಂಚಿಗೆ ಬಾಗಿಲು ತೆರೆದಿಟ್ಟು, ನೆಲದ ಮೇಲೆ ಕನ್ನಡಿ ಓರೆಯಾಗಿಟ್ಟು ಟಾರ್ಚ್ ಬಿಡಿ. ಕನ್ನಡಿ ಕೂರದಷ್ಟು ಸಂದಿ ಕಡಿಮೆ ಇದ್ದರೆ ಬೆರಳ ತುದಿಯಿಂದ ಸವರಿ. ಬಣ್ಣವೋ ಸೀಲರೋ ಇದ್ದರೆ ನುಣುಪಾಗಿ ಹತ್ತುತ್ತದೆ, ಬರೀ ಮರ ತರಿತರಿ ಅನ್ನುತ್ತದೆ. ಬೀಗ ಕೂರಿಸಲು ಕೊರೆದ ತೂತು ಮತ್ತು ಹಿಂಜಸ್ ಕೂರುವ ತಗ್ಗಿನ ಒಳಗೂ ಹೀಗೇ ಇರುತ್ತದೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಸಾಲು ಇದೇ: ಎಲ್ಲ ಬಾಗಿಲುಗಳ ಮೇಲಿನ, ಕೆಳಗಿನ ಅಂಚಿಗೆ ಸೀಲರ್ ಮತ್ತು ಎರಡು ಕೋಟ್ ಬಣ್ಣ. ಬಾಗಿಲು ಒಣಗಿರುವಾಗಲೇ, ಅಂದರೆ ಮಳೆಗೆ ಮೊದಲೇ, ಇದು ಆಗಬೇಕು. ಒದ್ದೆ ಮರಕ್ಕೆ ಬಣ್ಣ ಬಳಿದರೆ ತೇವ ಒಳಗೇ ಉಳಿಯುತ್ತದೆ.

ಬಾಗಿಲು ಮತ್ತು ಚೌಕಟ್ಟಿನ ಮಧ್ಯೆ ಎಷ್ಟು ಸಂದಿ ಇರಬೇಕು?

ಎರಡು ಪಕ್ಕ ಮತ್ತು ಮೇಲೆ ಸುಮಾರು 3 ಮಿಲಿಮೀಟರ್, ಕೆಳಗೆ 5ರಿಂದ 6. ಹಳೇ ಎಟಿಎಂ ಕಾರ್ಡ್ ಬೇಕಾಗುವುದು ಇಲ್ಲಿಯೇ. ಒಂದು ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರ್‌ನಷ್ಟು. ನಾಲ್ಕು ಜೋಡಿಸಿದರೆ 3 ಆಗುತ್ತದೆ. ಬಾಗಿಲು ಮುಚ್ಚಿ, ಚಿಲಕದ ಕಡೆಯ ಸಂದಿಯಲ್ಲಿ ಮೇಲಿನಿಂದ ಕೆಳಗೆ ಕಾರ್ಡುಗಳನ್ನು ಎಳೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಒಂದೇ ಕಾರ್ಡ್ ತೂರುವ ಬಾಗಿಲು ಜುಲೈನಲ್ಲಿ ಹಿಡಿಯುತ್ತದೆ. ಮಳೆಗಾಲದಲ್ಲೇ ಕೀ ತೆಗೆದುಕೊಳ್ಳುತ್ತಿದ್ದೀರಾ? ಆಗ ಎರಡು ಕಾರ್ಡಿನಷ್ಟು ಸಂದಿ ಇದ್ದರೂ ನಾನು ಒಪ್ಪುತ್ತೇನೆ, ಯಾಕೆಂದರೆ ಬಾಗಿಲು ಆಗಲೇ ಹಿಗ್ಗಿರುತ್ತದೆ.

ಚಿಲಕದ ಕಡೆಯ ಸಂದಿ ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಅದು ಹಿಗ್ಗಿದ್ದಲ್ಲ. ಬಾಗಿಲು ಜೋತಿದೆ, ಅಂದರೆ ಹಿಂಜಸ್ ಸಡಿಲ ಇದೆ.

ಹಿಂಜಸ್ ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಬಾಗಿಲನ್ನು ಅರ್ಧ ತೆರೆದು, ಹ್ಯಾಂಡಲ್ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಟಕಟ ಅಂದು ಅಲುಗಾಡಿದರೆ ಸ್ಕ್ರೂ ಹಿಡಿದಿಲ್ಲ. ಒಳಬಾಗಿಲಿಗೂ ಮೂರು ಹಿಂಜಸ್ ಇರಬೇಕು. ಎರಡೇ ಹಾಕಿದ್ದರೆ ಬರೆದುಕೊಳ್ಳಿ. ಆಮೇಲೆ ಸ್ಕ್ರೂ ತಲೆಗಳನ್ನು ಒಂದೊಂದಾಗಿ ನೋಡಿ. ಕೆಲಸ ಬೇಗ ಮುಗಿಸಲು ಸ್ಕ್ರೂವನ್ನು ಸುತ್ತಿಗೆಯಲ್ಲಿ ಹೊಡೆದು, ಕೊನೆಯ ಎರಡು ಸುತ್ತು ಮಾತ್ರ ತಿರುಗಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಹೊಡೆದ ಸ್ಕ್ರೂ ತಲೆ ಓರೆಯಾಗಿರುತ್ತದೆ, ಇಲ್ಲವೇ ಗೀರು ಕಿತ್ತುಹೋಗಿರುತ್ತದೆ. ಅದು ಮರವನ್ನು ಕಚ್ಚಿರುವುದಿಲ್ಲ, ಸುಮ್ನೆ ತೂತಿನಲ್ಲಿ ಕೂತಿರುತ್ತದೆ. ಬಾಗಿಲು ಹಿಗ್ಗಿ ನೀವು ಜೋರಾಗಿ ಎಳೆಯಲು ಶುರು ಮಾಡಿದಾಗ ಮೊದಲು ಬಿಡುವುದು ಇಂಥ ಸ್ಕ್ರೂಗಳೇ.

ಈಗ ಅಯಸ್ಕಾಂತ ತೆಗೆಯಿರಿ. ಅದನ್ನು ಸ್ಕ್ರೂ ತಲೆಗೆ ಹಿಡಿಯಿರಿ. ಗಟ್ಟಿಯಾಗಿ ಹಿಡಿದುಕೊಂಡರೆ ಹೆಚ್ಚಿನ ಸಲ ಅದು ಮೇಲೆ ಪಾಲಿಶ್ ಹಾಕಿದ ಕಬ್ಬಿಣದ ಸ್ಕ್ರೂ. ಸ್ಟೀಲ್ ಹಿಂಜಸ್‌ಗೆ ಕಬ್ಬಿಣದ ಸ್ಕ್ರೂ ಹಾಕಿದರೆ ಒಂದೆರಡು ಮಳೆಗಾಲದಲ್ಲಿ ಕಂದು ನೀರು ಬಾಗಿಲ ಮೇಲೆ ಇಳಿಯುತ್ತದೆ. ಬಚ್ಚಲಿನ ಬಾಗಿಲಿಗಂತೂ ಇನ್ನೂ ಬೇಗ.

ಹಿಂಜಸ್‌ಗೇ ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಹಾಗಾಗಿ ಒಳ್ಳೇ ಸ್ಟೀಲು" ಅಂತ ತೀರ್ಮಾನ ಮಾಡಬೇಡಿ. 304 ಅನ್ನುವ ಒಳ್ಳೆಯ ಸ್ಟೀಲ್ ಮತ್ತು 202 ಅನ್ನುವ ಕಡಿಮೆ ಬೆಲೆಯ ಸ್ಟೀಲ್ ಎರಡಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಆದರೆ ತೇವದಲ್ಲಿ 202 ಬೇಗ ತುಕ್ಕು ಹಿಡಿಯುತ್ತದೆ. ವ್ಯತ್ಯಾಸ ಗೊತ್ತಾಗಬೇಕಾದರೆ ಹಿಂಜಸ್ ಮೇಲೆ ಒತ್ತಿದ ನಂಬರ್ ನೋಡಿ, ಅದಿಲ್ಲದಿದ್ದರೆ ಬಿಲ್ ಅಥವಾ ಪೆಟ್ಟಿಗೆ ತೋರಿಸಲು ಕೇಳಿ.

ಬಾಗಿಲು ಹಿಡಿದರೆ ತೋಪಡ ಹೊಡೆಸಿಕೊಂಡರೆ ಆಯಿತು, ಅಲ್ವಾ?

ನಾವೂ ಹಾಗೇ ಅಂದುಕೊಂಡಿದ್ದೆವು. ಜುಲೈನಲ್ಲಿ ಬಿಲ್ಡರ್ ಕಡೆಯ ಬಡಗಿ ಬಂದರು. ಬಚ್ಚಲಿನ ಬಾಗಿಲು ಇಳಿಸಿ, ಚಿಲಕದ ಕಡೆ ಚೆನ್ನಾಗಿ ಹೆರೆದು, ಮತ್ತೆ ನಿಲ್ಲಿಸಿ ಹೋದರು. ಬಾಗಿಲು ಸರಾಗವಾಗಿ ಹಾಕತೊಡಗಿತು, ನಾವೂ ಖುಷಿಪಟ್ಟೆವು. ಹೆರೆದ ಅಂಚಿಗೆ ಏನೂ ಬಳಿಯಲಿಲ್ಲ. ಆಗಸ್ಟ್ ಹೊತ್ತಿಗೆ ಮತ್ತೆ ಹಿಡಿಯಿತು. ಮತ್ತೆ ಕರೆದೆವು, ಮತ್ತೆ ಹೆರೆದರು. ಜನವರಿಯಲ್ಲಿ ಮರ ಒಣಗಿ ಕುಗ್ಗಿದಾಗ ಚಿಲಕದ ಕಡೆ ಬೆರಳು ತೂರುವಷ್ಟು ಸಂದಿ. ಬೀಗದ ನಾಲಿಗೆ ಚೌಕಟ್ಟಿನ ತೂತಿಗೆ ತಲುಪುತ್ತಲೇ ಇರಲಿಲ್ಲ. ಬಾಗಿಲು ಹಾಕಿದರೂ ತಾನಾಗೇ ತೆರೆದುಕೊಳ್ಳುತ್ತಿತ್ತು.

ಮಳೆಗಾಲದಲ್ಲಿ ತೀರಾ ಅಗತ್ಯ ಇದ್ದರೆ ಉಜ್ಜುವ ಹಾಳೆಯಲ್ಲಿ ಹಿಡಿಯುವ ಜಾಗ ಮಾತ್ರ ಸ್ವಲ್ಪ ತೀಡಿಸಿ. ತೋಪಡದ ಕೆಲಸ ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಆಗ ನಾಲ್ಕು ಕಾರ್ಡಿನ ಅಳತೆಗೆ ಸಂದಿ ಬಿಡಿಸಿ, ಅದೇ ದಿನ ಅಂಚಿಗೆ ಸೀಲರ್ ಹಾಕಿಸಿ. ಕೀ ತೆಗೆದುಕೊಳ್ಳುವ ಮೊದಲೇ ಅಂಚು ನೋಡಿದ್ದರೆ ಇದ್ಯಾವುದೂ ಬೇಕಿರುತ್ತಿರಲಿಲ್ಲ.

ಜಾರುವ ಕಿಟಕಿಯಲ್ಲಿ ಏನು ನೋಡಬೇಕು?

ಅದು ಎಷ್ಟು ನಯವಾಗಿ ಜಾರುತ್ತದೆ ಅನ್ನುವುದಕ್ಕಿಂತ, ಒಳಗೆ ಬಂದ ನೀರನ್ನು ಹೊರಗೆ ಹಾಕುತ್ತದೆಯಾ ಅನ್ನುವುದು ನಮಗೆ ಮುಖ್ಯ. ಅಲ್ಯುಮಿನಿಯಂ ಇರಲಿ, ಯುಪಿವಿಸಿ ಇರಲಿ, ಜಾರುವ ಕಿಟಕಿ ನೀರನ್ನು ಪೂರ್ತಿ ತಡೆಯುವುದಿಲ್ಲ. ಎರಚಲು ಹೊಡೆದಾಗ ಸ್ವಲ್ಪ ನೀರು ಕೆಳಗಿನ ಹಳಿಗೆ ಇಳಿದೇ ಇಳಿಯುತ್ತದೆ. ಹಾಗೆ ಇಳಿದ ನೀರು ಹೊರಗೆ ಹೋಗಲಿ ಅಂತ ಚೌಕಟ್ಟಿನ ಹೊರಮುಖದಲ್ಲಿ ಸಣ್ಣ ಸೀಳು ತೂತುಗಳನ್ನು ಬಿಟ್ಟಿರುತ್ತಾರೆ. ಈ ತೂತು ಮುಚ್ಚಿದ್ದರೆ ಹಳಿ ತುಂಬಿ, ನೀರು ಒಳಗಿನ ಗೋಡೆಗೆ ಇಳಿಯುತ್ತದೆ. ಆಮೇಲೆ ಅಲ್ಲಿ ಬಣ್ಣ ಉಬ್ಬಿ, ಬೂಷ್ಟು ಹಿಡಿಯುತ್ತದೆ.

ಕಿಟಕಿಯ ಗಾಜು ಸರಿಸಿ, ಒಳಗಿನ ಹಳಿಗೆ ಅರ್ಧ ಚೊಂಬು ನೀರು ನಿಧಾನವಾಗಿ ಹೊಯ್ಯಿರಿ. ಇನ್ನೊಬ್ಬರು ಹೊರಗೆ ಬಾಲ್ಕನಿಯಿಂದಲೋ ಕೆಳಗಿನಿಂದಲೋ ನೋಡಲಿ. ಒಂದೆರಡು ನಿಮಿಷದಲ್ಲಿ ನೀರು ಹೊರಗಿನ ಕಲ್ಲಿನ ಮೇಲೆ ಬಂದು, ಮುಂದಕ್ಕೆ ಹರಿದು ಕೆಳಗೆ ಬೀಳಬೇಕು. ಹಳಿಯಲ್ಲೇ ನಿಂತರೆ ಟಾರ್ಚ್ ಬಿಟ್ಟು ತೂತು ಹುಡುಕಿ. ನಮ್ಮ ಹಾಲ್ ಕಿಟಕಿಗೆ ಎರಡು ತೂತಿದ್ದವು. ಒಂದರಲ್ಲಿ ಸಿಮೆಂಟ್ ಗಟ್ಟಿಯಾಗಿತ್ತು. ಇನ್ನೊಂದರ ಮೇಲೆ ಹೊರಗಿನಿಂದ ಸಿಲಿಕಾನ್ ಎಳೆದುಬಿಟ್ಟಿದ್ದರು. ಸಂದಿ ಮುಚ್ಚುವವನಿಗೆ ಅದೂ ಒಂದು ಸಂದಿ ಅನಿಸಿರಬೇಕು. ಬ್ಲೇಡ್ ಮತ್ತು ತಂತಿಯಲ್ಲಿ ಹತ್ತು ನಿಮಿಷದ ಕೆಲಸ. ಅದಕ್ಕಾಗಿ ನಾವು ಒಂದೂವರೆ ತಿಂಗಳು ದಿನಾ ಬೆಳಿಗ್ಗೆ ನೆಲ ಒರೆಸಿದೆವು.

ತೂತು ತೆರೆದಿದ್ದೂ ನೀರು ಹೋಗದಿದ್ದರೆ ಚೌಕಟ್ಟು ಒಳಕ್ಕೆ ವಾಲಿದೆ ಅಂತ ಅರ್ಥ. ಅದು ದೊಡ್ಡ ತಪ್ಪು. ಕಿಟಕಿ ಬಿಚ್ಚಿ ಮತ್ತೆ ಕೂರಿಸಬೇಕು. ಸಿಲಿಕಾನ್ ಬಳಿದು ಮುಗಿಸಲು ಬಿಡಬೇಡಿ.

ನೀರು ಹಳಿಯಿಂದ ಬರುತ್ತಿದೆಯೋ ಚೌಕಟ್ಟಿನ ಪಕ್ಕದಿಂದಲೋ ಹೇಗೆ ತಿಳಿಯುವುದು?

ಪೈಪಿನಲ್ಲಿ ಹೊರಗಿನಿಂದ ನೀರು ಬಿಡಬೇಕು. ಒಂದೇ ಸಲ ಇಡೀ ಕಿಟಕಿಗೆ ಹೊಡೆದರೆ ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಶುರು ಮಾಡಿ. ಮೊದಲು ಕಲ್ಲು ಮತ್ತು ಚೌಕಟ್ಟು ಸೇರುವಲ್ಲಿ ಐದು ನಿಮಿಷ, ಆಮೇಲೆ ಎಡಪಕ್ಕ, ಬಲಪಕ್ಕ, ಕೊನೆಗೆ ತಲೆಯ ಭಾಗ. ಒಳಗೆ ನಿಂತವರು ಒದ್ದೆ ಕಂಡ ಕೂಡಲೇ ಕೂಗಲಿ. ಆ ಹೊತ್ತಿಗೆ ಪೈಪು ಎಲ್ಲಿತ್ತೋ ಅಲ್ಲೇ ಸೋರುವ ಜಾಗ. ಮೇಲಿನಿಂದ ಶುರು ಮಾಡಿದರೆ ನೀರು ಕೆಳಗೆ ಹರಿದು ಎಲ್ಲ ಸಂದಿಯನ್ನೂ ನೆನೆಸಿಬಿಡುತ್ತದೆ. ಆಗ ಯಾವುದು ಸೋರಿತು ಅಂತ ಹೇಳಲು ಆಗುವುದಿಲ್ಲ.

ಪೈಪು ತಲುಪದ ಕಿಟಕಿಗಳಿಗೆ ಗಾಜು ಸರಿಸಿಕೊಂಡು ಚೊಂಬಿನಲ್ಲಿ ಹೊಯ್ಯಿರಿ. ಮೈಯೆಲ್ಲಾ ಹೊರಗೆ ಚಾಚುವುದು ಬೇಡ. ನೈಋತ್ಯ ಮಾರುತದ ಮಳೆ ನಮ್ಮಲ್ಲಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಹೊಡೆಯುವುದರಿಂದ ಆ ದಿಕ್ಕಿನ ಕಿಟಕಿಗಳನ್ನು ಮೊದಲು ನೋಡಿ. ಸಮಯ ಸಾಲದಿದ್ದರೆ ಅವಷ್ಟನ್ನಾದರೂ ಬಿಡಬೇಡಿ.

ಇನ್ನೊಂದು ಪರೀಕ್ಷೆ. ಮುಚ್ಚಿದ ಗಾಜಿನ ಪಲ್ಲೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ನೋಡಿ. ಹಳಿ ಬಿಟ್ಟು ಮೇಲೆ ಬಂದರೆ ಹೊರಗಿನವರೂ ಹಾಗೇ ಎತ್ತಿ ತೆಗೆಯಬಹುದು. ಮೇಲೆ ತಡೆ ಕೂರಿಸಲು ಬರೆಯಿರಿ.

ಬಚ್ಚಲಿನಲ್ಲಿ ಎಲ್ಲಿಂದ ಶುರು ಮಾಡಲಿ?

ನೆಲದಿಂದ. ಎರಡು ಬಕೆಟ್ ನೀರನ್ನು ಬಾಗಿಲಿನ ಹತ್ತಿರ ಸುರಿದು, ಕಾಲು ಗಂಟೆ ಬಿಟ್ಟು ಬನ್ನಿ. ನೀರೆಲ್ಲ ಜಾಲಿಯ ಕಡೆ ಹೋಗಿರಬೇಕು. ಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತಿದ್ದರೂ ಇಳಿಜಾರು ತಪ್ಪಿದೆ. ಅದು ಬಾಗಿಲಿನ ಪಕ್ಕವೇ ನಿಂತಿದ್ದರೆ ಚೌಕಟ್ಟಿನ ಕಾಲು ದಿನಾ ನೀರು ಕುಡಿಯುತ್ತದೆ. ಮರದ ಚೌಕಟ್ಟಾದರೆ ಬುಡದಿಂದ ಕೊಳೆಯುತ್ತದೆ. ಟೈಲ್ ಕಿತ್ತು ಸರಿ ಮಾಡುವ ಕೆಲಸವಾದ್ದರಿಂದ "ಆಮೇಲೆ ಮಾಡಿಕೊಡ್ತೀವಿ" ಅನ್ನುತ್ತಾರೆ. ನೀವು ಸಾಮಾನು ತಂದು ಇಟ್ಟ ಮೇಲೆ ಯಾರೂ ಟೈಲ್ ಕೀಳುವುದಿಲ್ಲ. ಈಗಲೇ ಮಾಡಿಸಿ.

ಆಮೇಲೆ ಜಾಲಿ ಎತ್ತಿ ಟಾರ್ಚ್ ಬಿಡಿ. ಟೈಲ್ಸ್ ಹಾಕುವವರು ತೊಳೆದು ಬಿಟ್ಟ ಸಿಮೆಂಟ್ ಹಾಲು ಅಲ್ಲಿ ಕಲ್ಲಾಗಿರುತ್ತದೆ. ಟ್ರ್ಯಾಪಿನ ಒಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಡ್ರೈನೇಜ್ ವಾಸನೆಯನ್ನು ತಡೆಯುವುದು ಆ ನೀರೇ. ನೀರು ಹೊಯ್ದ ಮೇಲೂ ಅದು ಒಣಗಿದ್ದರೆ ಟ್ರ್ಯಾಪ್ ಹಾಕಿಲ್ಲ ಅಥವಾ ಒಡೆದಿದೆ.

ಈಗ ಗೋಡೆಯ ಆಂಗಲ್ ಕಾಕ್‌ಗಳು. ಬೇಸಿನ್, ಫ್ಲಶ್ ಟ್ಯಾಂಕ್, ಹೆಲ್ತ್ ಫಾಸೆಟ್, ಗೀಸರ್, ಪ್ರತಿಯೊಂದಕ್ಕೂ ಒಂದೊಂದು ಇರುತ್ತದೆ. ಒಂದೊಂದನ್ನೂ ಪೂರ್ತಿ ಮುಚ್ಚಿ, ಆ ನಲ್ಲಿ ನಿಲ್ಲುತ್ತದೆಯಾ ನೋಡಿ, ಮತ್ತೆ ಪೂರ್ತಿ ತೆರೆಯಿರಿ. ಮುಂದೆ ಪೈಪು ಒಡೆದ ದಿನ ನೀರು ನಿಲ್ಲಿಸುವುದು ಇದರಿಂದಲೇ ತಾನೇ? ಪ್ರತಿ ಜೋಡಣೆಗೂ ಒಣ ಟಿಶ್ಯೂ ಸುತ್ತಿ ಬಿಡಿ. ಕಣ್ಣಿಗೆ ಕಾಣದ ಹನಿ ಟಿಶ್ಯೂ ಮೇಲೆ ಕಾಣುತ್ತದೆ. ನಲ್ಲಿಯ ತುದಿಯ ಜಾಲರಿ ಬಿಚ್ಚಿ ಕೊಡವಿ, ಅದರಲ್ಲಿ ಮರಳು ಸಿಗುವುದು ಮಾಮೂಲು.

ಫ್ಲಶ್ ಟ್ಯಾಂಕಿನ ನೀರಿಗೆ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದಿದ್ದರೆ ಒಳಗಿನ ವಾಲ್ವ್ ಸೋರುತ್ತಿದೆ.

ಇಷ್ಟೆಲ್ಲ ನೀರು ಬಿಟ್ಟ ಮೇಲೆ ಒಂದು ಸಲ ಕೆಳಗಿನ ಮನೆಯವರನ್ನು ಕೇಳಿ, ಅವರ ಬಚ್ಚಲಿನ ಸೂರು ನೋಡಿ ಬನ್ನಿ. ಒದ್ದೆ ಕಂಡರೆ ಅದು ನಿಮ್ಮ ನೆಲದ್ದು.

ಕರೆಂಟಿನ ಕೆಲಸದಲ್ಲಿ ನಾವೇ ನೋಡಬಹುದಾದ್ದು ಏನಿದೆ?

ಮನೆಗೆಲ್ಲ ಕರೆಂಟು ಹಂಚುವ ಡಿಬಿ ಪೆಟ್ಟಿಗೆಯಲ್ಲಿ, ಕರೆಂಟು ಸೋರಿದರೆ ತಾನಾಗೇ ಆಫ್ ಆಗುವ ಆರ್‌ಸಿಸಿಬಿ ಇರುತ್ತದೆ, ಅದರ ಮೇಲೆ 30 ಮಿಲಿಆಂಪ್ ಅಂತ ಬರೆದಿರುತ್ತದೆ. ಕರೆಂಟು ಇರುವಾಗ ಅದರ ಟೆಸ್ಟ್ ಗುಂಡಿ ಒತ್ತಿ. ಕೂಡಲೇ ಟ್ರಿಪ್ ಆಗಬೇಕು. ಆಗದಿದ್ದರೆ ಬದಲಿಸಲೇಬೇಕು. ಆದರೆ ಈ ಗುಂಡಿಯಿಂದ ಅರ್ಥಿಂಗ್ ಸರಿ ಇದೆ ಅಂತ ಗೊತ್ತಾಗುವುದಿಲ್ಲ, ಅರ್ಥಿಂಗ್ ಇಲ್ಲದಿದ್ದರೂ ಅದು ಟ್ರಿಪ್ ಆಗುತ್ತದೆ. ಅಂಗಡಿಯಲ್ಲಿ ಮೂರು ದೀಪದ ಸಾಕೆಟ್ ಟೆಸ್ಟರ್ ಸಿಗುತ್ತದೆ. ಅದನ್ನು ಪ್ರತಿ ಸಾಕೆಟ್ಟಿಗೂ ಚುಚ್ಚಿದರೆ ಅರ್ಥ್ ವೈರ್ ಬಿಟ್ಟುಹೋಗಿದ್ದು ಕಾಣುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ಅದಲುಬದಲಾಗಿದ್ದರೆ ಅದಕ್ಕೂ ತಿಳಿಯುವುದಿಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು.

ಪಟ್ಟಿ ಹೇಗೆ ಬರೆಯಬೇಕು?

"ಬಾಗಿಲು ಸರಿ ಇಲ್ಲ" ಅಂತ ಬರೆದರೆ ಅವರು ಬಂದು ಎಣ್ಣೆ ಬಿಟ್ಟು ಹೋಗುತ್ತಾರೆ. ಎಲ್ಲಿ, ಏನು, ಏನಾಗಬೇಕು, ಮೂರೂ ಇರಲಿ. ಹೀಗೆ: "ನಂ. 7. ಕಾಮನ್ ಬಚ್ಚಲಿನ ಬಾಗಿಲು. ಕೆಳಗಿನ ಅಂಚಿಗೆ ಬಣ್ಣವಿಲ್ಲ, ಚಿಲಕದ ಕಡೆ ಒಂದು ಕಾರ್ಡಿನಷ್ಟೇ ಸಂದಿ. 3 ಮಿಲಿಮೀಟರ್ ಸಂದಿ ಬಿಟ್ಟು ಅಂಚಿಗೆ ಸೀಲರ್ ಹಾಕಬೇಕು. ಫೋಟೋ 7." ಅದೇ ನಂಬರನ್ನು ಟೇಪ್ ಮೇಲೆ ಬರೆದು ಬಾಗಿಲಿಗೆ ಅಂಟಿಸಿ. ಎರಡು ಪ್ರತಿ ಮಾಡಿ, ಸೈಟ್ ಇಂಜಿನಿಯರ್ ಸಹಿ ಮತ್ತು ತಾರೀಕು ಹಾಕಿಸಿ, ಒಂದು ನಿಮ್ಮ ಹತ್ತಿರ ಇರಲಿ. ಪೊಸೆಷನ್ ಪತ್ರಕ್ಕೆ ಸಹಿ ಮಾಡುವಾಗ "ಜೊತೆಗಿರುವ ಪಟ್ಟಿಯ ಕೆಲಸ ಬಾಕಿ ಇದೆ" ಅಂತ ನಿಮ್ಮ ಕೈಯಲ್ಲೇ ಒಂದು ಸಾಲು ಬರೆಯಿರಿ.

ಸಹಿ ಹಾಕಿದ ಮೇಲೆ ತಪ್ಪು ಕಂಡರೆ?

2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಒಪ್ಪಿಸಿದ ದಿನದಿಂದ ಐದು ವರ್ಷದೊಳಗೆ ಕಟ್ಟಡದ್ದೋ ಕೆಲಸದ ಗುಣಮಟ್ಟದ್ದೋ ದೋಷವನ್ನು ನೀವು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ದುಡ್ಡು ತೆಗೆದುಕೊಳ್ಳದೆ ಸರಿ ಮಾಡಬೇಕು. ತಿಳಿಸುವುದು ಬರವಣಿಗೆಯಲ್ಲಿ ಇರಲಿ, ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಒಪ್ಪಿಸಿದ ದಿನದ ಫೋಟೋ ಇದ್ದರೆ "ನೀವು ಬಳಸಿ ಹಾಳು ಮಾಡಿದ್ದು" ಅನ್ನುವ ಮಾತಿಗೆ ಉತ್ತರ ಸಿಗುತ್ತದೆ.

ನಮ್ಮ ಊರಿಗೆ ಸಂಬಂಧಿಸಿದ ಒಂದು ವಿಷಯ ಗಮನದಲ್ಲಿರಲಿ. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಎಂಟಕ್ಕಿಂತ ಹೆಚ್ಚು ಫ್ಲಾಟ್ ಇಲ್ಲದಿದ್ದರೆ ಆ ಕಟ್ಟಡವನ್ನು ರೇರಾದಲ್ಲಿ ನೋಂದಾಯಿಸಲೇಬೇಕು ಅಂತಿಲ್ಲ. ಅಂಥ ಸಣ್ಣ ಕಟ್ಟಡದಲ್ಲಿ ಮನೆ ಕೊಳ್ಳುವವರು ದುರಸ್ತಿಯ ಅವಧಿಯನ್ನು ಕರಾರು ಪತ್ರದಲ್ಲೇ ಬರೆಸಿಕೊಳ್ಳಿ. ನಲ್ಲಿ, ಬೀಗ, ಆರ್‌ಸಿಸಿಬಿ ಇವಕ್ಕೆ ಕಂಪನಿಯ ವಾರಂಟಿ ಬೇರೆ ಇರುತ್ತದೆ, ಕಾರ್ಡ್ ಮತ್ತು ಬಿಲ್ ಕೇಳಿ ಪಡೆಯಿರಿ.

ಎಲ್ಲ ಸರಿ ಮಾಡಿಕೊಟ್ಟರು. ಮತ್ತೆ ಯಾವಾಗ ನೋಡಬೇಕು?

ಮೊದಲ ಜಡಿಮಳೆ ಬಂದ ಮೂರನೇ ದಿನ ಒಂದು ಸಲ. ಆಗ ಮತ್ತೆ ಕಾರ್ಡ್ ಎಳೆಯಿರಿ, ಕಿಟಕಿಯ ಕೆಳಗಿನ ಗೋಡೆ ಮುಟ್ಟಿ ನೋಡಿ. ಆಮೇಲೆ ಜನವರಿಯಲ್ಲಿ ಇನ್ನೊಂದು ಸಲ, ಬೀಗದ ನಾಲಿಗೆ ತೂತಿಗೆ ಪೂರ್ತಿ ಕೂರುತ್ತದೆಯಾ ಅಂತ.

ನಮ್ಮ ಬಚ್ಚಲಿನ ಬಾಗಿಲು ಎರಡು ಸಲ ಹೆರೆದು ಕಿರಿದಾಗಿದ್ದರಿಂದ ಹಾಗೇ ಸರಿ ಮಾಡಲು ಆಗಲಿಲ್ಲ. ಫೆಬ್ರವರಿಯಲ್ಲಿ ಬೇರೆ ಬಡಗಿಯೊಬ್ಬರು ಚಿಲಕದ ಕಡೆ ತೇಗದ ಪಟ್ಟಿ ಅಂಟಿಸಿ, ಅಳತೆಗೆ ಹೆರೆದು, ಬಾಗಿಲನ್ನು ನೆಲದ ಮೇಲೆ ಮಲಗಿಸಿ ನಾಲ್ಕೂ ಅಂಚಿಗೆ ಸೀಲರ್ ಬಳಿದರು. ಒಣಗಲು ಒಂದು ರಾತ್ರಿ ಬಿಟ್ಟು ಮರುದಿನ ನಿಲ್ಲಿಸಿದರು. ಆ ವರ್ಷದ ಪುಷ್ಯ ಮಳೆಯಲ್ಲಿ ಸಂದಿಗೆ ಕಾರ್ಡ್ ಹಾಕಿ ನೋಡಿದೆ. ಎರಡು ಕಾರ್ಡ್ ಸರಾಗವಾಗಿ ಇಳಿದವು.